ಬಿಗಿ ಬೇರೆ, ಗಿಡ್ಡ ಬೇರೆ: ಮೊಣಕೈ ಪಾಠದ ಬಗ್ಗೆ ಒಂದು ತಕರಾರು

“ತೋಳು ಮಡಚುವಾಗ ಬೈಸೆಪ್ಸ್ ಸಂಕೋಚಿಸುತ್ತದೆ, ಟ್ರೈಸೆಪ್ಸ್ ಸಡಿಲಗೊಳ್ಳುತ್ತದೆ. ತೋಳು ಚಾಚುವಾಗ ಟ್ರೈಸೆಪ್ಸ್ ಸಂಕೋಚಿಸುತ್ತದೆ, ಬೈಸೆಪ್ಸ್ ಸಡಿಲಗೊಳ್ಳುತ್ತದೆ.” ಚಲನೆಯ ಪಾಠಕ್ಕೆ ಬೋಧನಾಭ್ಯಾಸ ಮಾಡುವ ನಾವೆಲ್ಲರೂ ಕಪ್ಪುಹಲಗೆಯ ಮೇಲೆ ಬರೆಯುವ ವಾಕ್ಯವಿದು. ಸಹಪಾಠಿಗಳ ಪಾಠಗಳನ್ನು ವೀಕ್ಷಿಸಲು ಕುಳಿತಾಗಲೂ ಇದನ್ನೇ ಕೇಳಿದ್ದೇನೆ. ಇದು ಸುಳ್ಳಲ್ಲ. ಹೊರೆಯನ್ನು ಮೇಲೆತ್ತುವ ಮೊದಲರ್ಧಕ್ಕೆ ಸರಿಯಾಗಿಯೇ ಇದೆ. ಆದರೆ ಎತ್ತಿದ ಹೊರೆಯನ್ನು ಕೆಳಗಿಳಿಸುವ ಹೊತ್ತಿಗೆ ಈ ವಾಕ್ಯದ ಉಳಿದರ್ಧ ತಪ್ಪಾಗುತ್ತದೆ. ನಮ್ಮ ವಿದ್ಯಾರ್ಥಿಗಳು ದಿನಕ್ಕೆ ನೂರು ಸಲ ಏನನ್ನಾದರೂ ಇಳಿಸುತ್ತಲೇ ಇರುತ್ತಾರೆ: ಬ್ಯಾಗು, ತಟ್ಟೆ, ಕುಡಿದ ನೀರಿನ ಲೋಟ. ಹಾಗಾಗಿ ಈ ಪಾಠವನ್ನು ನಾವು ಕಲಿಸುವ ಕ್ರಮವೇ ಬದಲಾಗಬೇಕು, ಅದರಲ್ಲೂ ರಬ್ಬರ್ ಬ್ಯಾಂಡಿನ ಮಾದರಿಯನ್ನು ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ.

ಒಂದು ಲೀಟರ್ ನೀರು ತುಂಬಿದ ಬಾಟಲಿಯನ್ನು ಬಲಗೈಯಲ್ಲಿ ಹಿಡಿದುಕೊಳ್ಳಿ. ಮೇಲ್ತೋಳು ಪಕ್ಕೆಗೆ ಒತ್ತಿಕೊಂಡಿರಲಿ, ಅಂಗೈ ಮೇಲ್ಮುಖವಾಗಿರಲಿ. ಎಡಗೈಯ ಹೆಬ್ಬೆರಳನ್ನು ಬಲ ಮೇಲ್ತೋಳಿನ ಮುಂಭಾಗದ ಮೇಲೂ ಉಳಿದ ನಾಲ್ಕು ಬೆರಳನ್ನು ಹಿಂಭಾಗದ ಮೇಲೂ ಇಡಿ. ಈಗ ಬಾಟಲಿಯನ್ನು ನಿಧಾನವಾಗಿ ಎತ್ತಿ. ಮುಂದಿನದು ಗಟ್ಟಿಯಾಗುತ್ತದೆ, ಹಿಂದಿನದು ಮೆತ್ತಗೆ ಉಳಿಯುತ್ತದೆ. ಇಷ್ಟು ನಮಗೆ ಗೊತ್ತಿರುವುದೇ. ಈಗ ಅಷ್ಟೇ ನಿಧಾನವಾಗಿ ಇಳಿಸಿ. ತೋಳು ಚಾಚಿಕೊಳ್ಳುತ್ತಿದೆ, ಮೊಣಕೈ ನೇರವಾಗುತ್ತಿದೆ. ನಮ್ಮ ವಾಕ್ಯದ ಪ್ರಕಾರ ಟ್ರೈಸೆಪ್ಸ್ ಗಟ್ಟಿಯಾಗಬೇಕಿತ್ತು. ಆಗುವುದಿಲ್ಲ. ಗಟ್ಟಿಯಾಗಿ ಇರುವುದು ಈಗಲೂ ಬೈಸೆಪ್ಸ್‌ ಇರುವ ಮುಂಭಾಗವೇ.

ಎಂಟನೇ ತರಗತಿಯಲ್ಲಿ ಈ ಚಟುವಟಿಕೆ ಮಾಡಿಸಿದಾಗ ನಾನು ಉತ್ತರ ಹೇಳಲಿಲ್ಲ, ಕೇಳಿದೆ ಅಷ್ಟೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು, “ಮಿಸ್, ಕೆಳಗೆ ಬಿಡ್ತಾ ಇದ್ರೂ ಮುಂದಿನದೇ ಗಟ್ಟಿ ಇದೆ, ನಾನು ತಪ್ಪು ಮಾಡ್ತಿದೀನಾ?” ಎಂದಳು. ಪಕ್ಕದವಳು ತನ್ನ ತೋಳನ್ನು ಮುಟ್ಟಿ ನೋಡದೆಯೇ, “ಹೂಂ ಕಣೇ, ಬುಕ್ಕಲ್ಲಿ ಹಿಂದಿನದು ಅಂತ ಇದೆ” ಎಂದಳು. ಈ ಎರಡನೇ ಮಾತು ನನ್ನನ್ನು ಕಾಡಿತು. ಬೆರಳಿನಡಿ ಇರುವುದನ್ನು ಬಿಟ್ಟು ವಾಕ್ಯವನ್ನು ನಂಬುವುದನ್ನು ನಾವು ವಿಜ್ಞಾನದ ಪೀರಿಯಡ್‌ನಲ್ಲೇ ಅಭ್ಯಾಸ ಮಾಡಿಸುತ್ತಿದ್ದೇವೆ.

ಕಾರಣ ಕಷ್ಟದ್ದೇನಲ್ಲ. ಬಾಟಲಿಯನ್ನು ಕೆಳಗೆ ಎಳೆಯಲು ಭೂಮಿಯ ಗುರುತ್ವ ಇದ್ದೇ ಇದೆ. ಮೊಣಕೈಯನ್ನು ನೇರ ಮಾಡಲು ಟ್ರೈಸೆಪ್ಸ್‌ ಬೇಕಾಗಿಲ್ಲ, ಬಾಟಲಿಯ ತೂಕವೇ ಆ ಕೆಲಸ ಮಾಡುತ್ತದೆ. ಆಗ ಬೇಕಾಗಿರುವುದು ಬಾಟಲಿ ಧೊಪ್ಪನೆ ಬೀಳದಂತೆ ತಡೆದು ಬಿಡುವ ಸ್ನಾಯು. ಬಾವಿಗೆ ಕೊಡ ಇಳಿಸುವುದನ್ನು ನೆನೆಯಿರಿ. ಹಗ್ಗ ಕೈಯಿಂದ ಜಾರಿ ಉದ್ದವಾಗುತ್ತಾ ಹೋಗುತ್ತದೆ, ಆದರೆ ನಾವು ಹಗ್ಗವನ್ನು ಕೈಬಿಟ್ಟಿರುವುದಿಲ್ಲ. ಹಿಡಿದುಕೊಂಡೇ ಸ್ವಲ್ಪ ಸ್ವಲ್ಪ ಬಿಡುತ್ತೇವೆ, ಹಗ್ಗ ಪೂರ್ತಿ ಬಿಗಿಯಾಗಿಯೇ ಇರುತ್ತದೆ. ಬಾಟಲಿ ಇಳಿಸುವಾಗ ಬೈಸೆಪ್ಸ್ ಮಾಡುವುದು ಇದನ್ನೇ. ಅದು ಬಿಗಿಯಾಗಿದ್ದುಕೊಂಡೇ ಉದ್ದವಾಗುತ್ತದೆ. ಶರೀರ ಕ್ರಿಯಾಶಾಸ್ತ್ರದಲ್ಲಿ ಇದಕ್ಕೆ ಎಕ್ಸೆಂಟ್ರಿಕ್ ಕ್ರಿಯೆ ಎಂದೂ, ಬಿಗಿಯಾಗಿದ್ದು ಗಿಡ್ಡವಾಗುವುದಕ್ಕೆ ಕನ್ಸೆಂಟ್ರಿಕ್ ಕ್ರಿಯೆ ಎಂದೂ ಹೆಸರು. ಈ ಹೆಸರುಗಳನ್ನು ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ, ಬಾವಿಯ ಹಗ್ಗ ಸಾಕು. ನಮಗೆ ಮಾತ್ರ ಗೊತ್ತಿರಬೇಕು.

ತೊಡಕು ಇರುವುದು “ಸಂಕೋಚನ” ಎಂಬ ಪದದಲ್ಲಿ ಎಂದು ನನಗೆ ಅನಿಸುತ್ತದೆ. ಕನ್ನಡದಲ್ಲಿ ಆ ಪದ ಕೇಳಿದ ತಕ್ಷಣ ಮನಸ್ಸಿಗೆ ಬರುವುದು ಕುಗ್ಗುವುದು, ಚಿಕ್ಕದಾಗುವುದು. “ಸಂಕೋಚಿಸುತ್ತಲೇ ಉದ್ದವಾಗುತ್ತದೆ” ಎಂದರೆ ಯಾರಿಗಾದರೂ ನಗು ಬರುತ್ತದೆ. ನಿಜದಲ್ಲಿ ಸ್ನಾಯುವಿನ ಬಗ್ಗೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಅದು ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂಬುದು ಒಂದು. ಅದು ಗಿಡ್ಡವಾಗುತ್ತಿದೆಯೋ ಉದ್ದವಾಗುತ್ತಿದೆಯೋ ಎಂಬುದು ಇನ್ನೊಂದು. ಬಾಟಲಿ ಎತ್ತುವಾಗ ಬೈಸೆಪ್ಸ್ ಬಿಗಿ ಮತ್ತು ಗಿಡ್ಡ. ಇಳಿಸುವಾಗ ಬಿಗಿ ಮತ್ತು ಉದ್ದ. ಬಾಟಲಿಯನ್ನು ಅಲುಗಾಡದೆ ಹಿಡಿದು ನಿಂತಾಗ ಬಿಗಿ, ಆದರೆ ಉದ್ದದಲ್ಲಿ ಬದಲಾವಣೆಯೇ ಇಲ್ಲ. ಒಂದೇ ಪದಕ್ಕೆ ಎರಡೂ ಅರ್ಥವನ್ನು ಕಟ್ಟಿಹಾಕಿದ್ದರಿಂದ ಪಾಠ ಗೋಜಲಾಗಿದೆ. ನನ್ನ ಪಾಠಯೋಜನೆಯಲ್ಲಿ ಮೊದಲ 20 ನಿಮಿಷ “ಬಿಗಿ” ಮತ್ತು “ಸಡಿಲ” ಎಂಬ ಎರಡೇ ಪದ ಬಳಸಿದೆ. ಪರೀಕ್ಷೆಗೆ ಬೇಕೆಂದು “ಸಂಕೋಚನ”ವನ್ನು ಕೊನೆಯಲ್ಲಿ ಪರಿಚಯಿಸಿದೆ.

ಈಗ ರಬ್ಬರ್ ಬ್ಯಾಂಡಿನ ವಿಷಯ. ಎರಡು ರಟ್ಟಿನ ಪಟ್ಟಿ, ನಡುವೆ ಒಂದು ಪಿನ್ನು, ಮುಂದೊಂದು ಹಿಂದೊಂದು ರಬ್ಬರ್ ಬ್ಯಾಂಡು. ಬೋಧನೋಪಕರಣಗಳ ಪ್ರದರ್ಶನದಲ್ಲಿ ಈ ಮಾದರಿ ಕಾಣದ ವರ್ಷವೇ ಇಲ್ಲ. ಇದನ್ನು ಮಡಚಿ ನೋಡಿ. ಮುಂದಿನ ರಬ್ಬರ್ ಜೋಲು ಬೀಳುತ್ತದೆ, ಹಿಂದಿನದು ಬಿಗಿಯುತ್ತದೆ. ಅಂದರೆ ತೋಳು ಮಡಚಿದಾಗ ಬೈಸೆಪ್ಸ್ ಸಡಿಲ, ಟ್ರೈಸೆಪ್ಸ್ ಬಿಗಿ ಎಂದು ಮಾದರಿ ತೋರಿಸುತ್ತದೆ. ನಾವು ಬಾಯಲ್ಲಿ ಹೇಳುವುದಕ್ಕೆ ಪೂರ್ತಿ ಉಲ್ಟಾ! ರಬ್ಬರಿಗೆ ಬಿಗಿ ಬರಲು ಉದ್ದವಾಗಲೇಬೇಕು, ಅದರಲ್ಲಿ ಎರಡೂ ಒಟ್ಟಿಗೆ ಅಂಟಿಕೊಂಡಿವೆ. ಬಿಗಿಯನ್ನೂ ಉದ್ದವನ್ನೂ ಬೇರ್ಪಡಿಸಬಲ್ಲದ್ದು ಸ್ನಾಯುವಿನ ವಿಶೇಷ, ಮತ್ತು ರಬ್ಬರ್ ತೋರಿಸಲಾರದ್ದೂ ಅದನ್ನೇ. ಉದ್ದನೆಯ ಬಲೂನು ಕಟ್ಟುವ ಮಾದರಿಯೂ ಇದೆ. ತೋಳು ಮಡಚಿದಾಗ ಸ್ನಾಯು ಉಬ್ಬುವುದನ್ನು ಅದು ಚೆನ್ನಾಗಿ ತೋರಿಸುತ್ತದೆ, ಆದರೆ ಎಳೆತವನ್ನು ತೋರಿಸುವುದಿಲ್ಲ.

ಅದರ ಬದಲು ದಾರ ಬಳಸಿ. ಖರ್ಚು ಇನ್ನೂ ಕಡಿಮೆ. 30 ಸೆಂಟಿಮೀಟರಿನ ಎರಡು ಮರದ ಸ್ಕೇಲು ತೆಗೆದುಕೊಳ್ಳಿ (ರಟ್ಟು ಹೊರೆ ತಡೆಯದೆ ಬಾಗುತ್ತದೆ). ಒಂದನ್ನು ಮೇಲ್ತೋಳಾಗಿ ನೆಟ್ಟಗೆ ನಿಲ್ಲಿಸಿ, ಇನ್ನೊಂದನ್ನು ಮುಂದೋಳಾಗಿ ಅದರ ಕೆಳತುದಿಗೆ ಬೋಲ್ಟಿನಿಂದ ಸಡಿಲವಾಗಿ ಜೋಡಿಸಿ. ಇಲ್ಲಿ ಒಂದು ವಿವರ ಮುಖ್ಯ. ಮುಂದೋಳಿನ ಸ್ಕೇಲು ಕೀಲಿಗಿಂತ ಎರಡೂವರೆ ಸೆಂಟಿಮೀಟರಿನಷ್ಟು ಹಿಂದಕ್ಕೆ ಚಾಚಿಕೊಂಡಿರಬೇಕು. ಮೊಣಕೈಯ ಮೊನೆ ಎಂದು ನಾವು ಮುಟ್ಟುತ್ತೇವಲ್ಲ, ಅದು ಮೇಲ್ತೋಳಿನ ಮೂಳೆಯಲ್ಲ, ಮುಂದೋಳಿನ ಅಲ್ನಾ ಮೂಳೆಯ ಹಿಂತುದಿ. ಟ್ರೈಸೆಪ್ಸ್‌ನ ಸ್ನಾಯುರಜ್ಜು ಅಂಟಿಕೊಂಡಿರುವುದು ಅಲ್ಲಿಗೇ. ಆ ಚಾಚು ಇರುವುದರಿಂದಲೇ ಹಿಂದಿನ ಸ್ನಾಯು ಮೇಲಕ್ಕೆ ಎಳೆದರೆ ಅಂಗೈ ಕೆಳಗೆ ಹೋಗುತ್ತದೆ, ಏತದ ಹಾಗೆ. ಮಾದರಿಗಳಲ್ಲಿ ಈ ಚಾಚನ್ನು ಮರೆತಿದ್ದರೆ ಹಿಂದಿನ ದಾರ ಎಷ್ಟು ಎಳೆದರೂ ತೋಳು ಸರಿಯಾಗಿ ನೇರವಾಗುವುದಿಲ್ಲ. ಹಿಂದಿನ ದಾರವನ್ನು ಈ ಚಾಚಿಗೆ ಕಟ್ಟಿ. ಮುಂದಿನ ದಾರವನ್ನು ಕೀಲಿನಿಂದ ಮುಂದಕ್ಕೆ 4 ಸೆಂಟಿಮೀಟರ್ ದೂರದಲ್ಲಿ ಕಟ್ಟಿ. ಬೈಸೆಪ್ಸ್ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ರೇಡಿಯಸ್ ಮೂಳೆಗೆ ಅಂಟಿಕೊಂಡಿದೆ. ಮುಂದೋಳಿನ ಮುಂತುದಿಗೆ, ಕೀಲಿನಿಂದ ಸುಮಾರು 27 ಸೆಂಟಿಮೀಟರ್ ದೂರದಲ್ಲಿ, 100 ಗ್ರಾಂ ತೂಕವನ್ನು ತೂಗುಹಾಕಿ.

ಈಗ ಇಬ್ಬರು ವಿದ್ಯಾರ್ಥಿಗಳನ್ನು ಕರೆದು ಒಬ್ಬೊಬ್ಬರ ಕೈಗೆ ಒಂದೊಂದು ದಾರ ಕೊಡಿ. ದಾರ ಎಳೆಯಬಲ್ಲದೇ ಹೊರತು ದೂಡಲಾರದು, ಸ್ನಾಯುವೂ ಹಾಗೆಯೇ. ಜೋಡಿ ಯಾಕೆ ಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ. ಮುಂದಿನ ದಾರದವನು ಎಳೆದರೆ ತೂಕ ಮೇಲೇಳುತ್ತದೆ. ಹಿಂದಿನವನು ತನ್ನ ದಾರವನ್ನು ಸಡಿಲ ಬಿಡದಿದ್ದರೆ ತೋಳು ಜಗ್ಗಾಡುತ್ತದೆ. ಆಮೇಲೆ ಹೇಳಿ: “ತೂಕವನ್ನು ನಿಧಾನವಾಗಿ ಇಳಿಸಿ.” ಹಿಂದಿನ ದಾರದವನು ಉತ್ಸಾಹದಿಂದ ಎಳೆಯಲು ಹೋಗುತ್ತಾನೆ, ತೂಕ ದಡಕ್ಕನೆ ಕೆಳಗೆ ಬೀಳುತ್ತದೆ. ಎರಡನೇ ಸಲ ಅವರಿಗೇ ಗೊತ್ತಾಗುತ್ತದೆ: ಹಿಂದಿನವನು ಸುಮ್ಮನಿರಬೇಕು, ಮುಂದಿನವನು ಹಿಡಿದು ಹಿಡಿದು ಬಿಡಬೇಕು. ಮುಂದಿನ ದಾರಕ್ಕೆ ಪ್ರಯೋಗಾಲಯದ ಸ್ಪ್ರಿಂಗ್ ತ್ರಾಸು ಸೇರಿಸಿದರೆ ಇನ್ನೂ ಒಳ್ಳೆಯದು. ಮುಂದೋಳು ಅಡ್ಡವಾಗಿದ್ದಾಗ 100 ಗ್ರಾಂ ತೂಕಕ್ಕೆ ಮುಳ್ಳು ಏಳೆಂಟು ನೂರು ಗ್ರಾಂವರೆಗೆ ಹೋಗುತ್ತದೆ. ಲೆಕ್ಕ ಸುಲಭ. 27ನ್ನು 4ರಿಂದ ಭಾಗಿಸಿದರೆ ಏಳಕ್ಕೆ ಸ್ವಲ್ಪ ಕಡಿಮೆ, ಅದರ ಮೇಲೆ ಸ್ಕೇಲಿನ ಸ್ವಂತ ತೂಕ. ಇಳಿಸುವಾಗಲೂ ಮುಳ್ಳು ಸೊನ್ನೆಗೆ ಬರುವುದಿಲ್ಲ ಎಂಬುದನ್ನು ಇಡೀ ತರಗತಿ ನೋಡಬಹುದು.

ಟ್ರೈಸೆಪ್ಸ್ ಹಾಗಾದರೆ ಯಾವಾಗ ದುಡಿಯುತ್ತದೆ? ಇದಕ್ಕೆ ಬೇರೆ ಸಾಮಾನು ಬೇಡ. ಬಾಟಲಿಯನ್ನು ಅರ್ಧ ಖಾಲಿ ಮಾಡಿ, ಮೇಲ್ತೋಳನ್ನು ಕಿವಿಯ ಪಕ್ಕ ನೆಟ್ಟಗೆ ಎತ್ತಿ, ಮೊಣಕೈ ಮಡಚಿ ಬಾಟಲಿಯನ್ನು ತಲೆಯ ಹಿಂದೆ ಹಿಡಿಯಿರಿ. ಇಲ್ಲಿಂದ ಕೈಯನ್ನು ಮೇಲಕ್ಕೆ ಚಾಚುವಾಗ ಟ್ರೈಸೆಪ್ಸ್ ಗಟ್ಟಿಯಾಗುತ್ತದೆ. ನಿಧಾನವಾಗಿ ಮತ್ತೆ ತಲೆಯ ಹಿಂದಕ್ಕೆ ಇಳಿಸುವಾಗ, ಅಂದರೆ ಮೊಣಕೈ ಮಡಚಿಕೊಳ್ಳುತ್ತಿರುವಾಗ, ಟ್ರೈಸೆಪ್ಸೇ ಗಟ್ಟಿಯಾಗಿರುತ್ತದೆ. ಅದೇ ಕೈ, ಅದೇ ಮಡಚು, ಅದೇ ಚಾಚು. ಬದಲಾದದ್ದು ತೋಳಿನ ನಿಲುವು ಒಂದೇ. ಮೊದಲು ಗುರುತ್ವ ಮೊಣಕೈಯನ್ನು ಚಾಚಲು ನೋಡುತ್ತಿತ್ತು, ಈಗ ಮಡಚಲು ನೋಡುತ್ತಿದೆ. ಗರಡಿಮನೆಯಲ್ಲಿ ದಂಡ ಹೊಡೆಯುವವರದ್ದೂ ಇದೇ ಕಥೆ. ಎದೆಯನ್ನು ನೆಲದತ್ತ ಇಳಿಸುವಾಗ ಮೊಣಕೈ ಮಡಚುತ್ತದೆ, ಮೈಭಾರವನ್ನು ತಡೆದು ಬಿಡುವುದು ಟ್ರೈಸೆಪ್ಸ್. ಏಳುವಾಗ ಮೊಣಕೈ ನೇರವಾಗುತ್ತದೆ, ಆಗಲೂ ಟ್ರೈಸೆಪ್ಸ್. ತರಗತಿಯಲ್ಲಿ ದಂಡ ಹೊಡೆಸಲಾಗದು. ಒಂದು ಕೈಯನ್ನು ಗೋಡೆಗೆ ಊರಿ ನಿಧಾನವಾಗಿ ವಾಲಿಕೊಂಡು, ಇನ್ನೊಂದು ಕೈಯಿಂದ ಮುಟ್ಟಿ ನೋಡಿದರೆ ಸಾಕು.

ಹೀಗಾಗಿ “ತೋಳು ಮಡಚುತ್ತಿದೆಯೋ ಚಾಚುತ್ತಿದೆಯೋ” ಎಂಬ ಪ್ರಶ್ನೆಯಿಂದ ಪಾಠ ಶುರುಮಾಡಬಾರದು. “ಹೊರೆ ಮೊಣಕೈಯನ್ನು ಯಾವ ಕಡೆಗೆ ಎಳೆಯುತ್ತಿದೆ? ಅದನ್ನು ತಡೆಯಬಲ್ಲ ಸ್ನಾಯು ಯಾವುದು?” ಎಂದು ಕೇಳಬೇಕು. ಅಗೊನಿಸ್ಟ್, ಆಂಟಗೊನಿಸ್ಟ್ ಎಂಬುವು ಸ್ನಾಯುಗಳ ಕಾಯಂ ಹುದ್ದೆಗಳಲ್ಲ, ಆ ಹೊತ್ತಿನ ಪಾತ್ರಗಳು. ತಲೆಯ ಹಿಂದಿನ ಬಾಟಲಿಯ ವಿಷಯದಲ್ಲಿ ಟ್ರೈಸೆಪ್ಸ್ ಕೆಲಸಗಾರ, ಬೈಸೆಪ್ಸ್ ಸುಮ್ಮನಿರುವವನು. “ವಿರೋಧಿ ಸ್ನಾಯು” ಎಂಬ ನಮ್ಮ ಅನುವಾದವೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಇಬ್ಬರೂ ಸದಾ ಜಗಳವಾಡುತ್ತಿರುವಂತೆ ಕೇಳಿಸುತ್ತದೆ.

ಒಬ್ಬರು ದುಡಿಯುವಾಗ ಇನ್ನೊಬ್ಬರು ಹೇಗೆ ಸುಮ್ಮನಾಗುತ್ತಾರೆ ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ನಮ್ಮ ಸ್ನಾಯುಗಳಿಗೆ “ಸಡಿಲವಾಗು” ಎಂಬ ಆದೇಶ ನರದಲ್ಲಿ ಹೋಗುವುದಿಲ್ಲ. ಹೋಗುವುದು “ಬಿಗಿಯಾಗು” ಎಂಬುದೊಂದೇ, ಅದು ನಿಂತರೆ ಸ್ನಾಯು ಸಡಿಲ. ಬೈಸೆಪ್ಸ್‌ಗೆ ಬಿಗಿಯ ಆದೇಶ ಹೊರಡುವಾಗ ಮಿದುಳುಬಳ್ಳಿಯಲ್ಲಿರುವ ನಡುವಿನ ನರಕೋಶಗಳು ಟ್ರೈಸೆಪ್ಸ್‌ಗೆ ಆದೇಶ ಕಳಿಸುವ ನರಕೋಶಗಳನ್ನು ತಡೆಯುತ್ತವೆ. ಈ ಪರಸ್ಪರ ತಡೆಯನ್ನು ವಿವರವಾಗಿ ಅಧ್ಯಯನ ಮಾಡಿದವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. ನರಕೋಶಗಳ ಕಾರ್ಯದ ಕುರಿತ ಸಂಶೋಧನೆಗಾಗಿ 1932ರಲ್ಲಿ ಎಡ್ಗರ್ ಏಡ್ರಿಯನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು. ಆದರೆ ಈ ತಡೆ ಬೀಗ ಹಾಕಿದ ಹಾಗಲ್ಲ. ಅಂಚಿನವರೆಗೆ ತುಂಬಿದ ಕಾಫಿ ಲೋಟವನ್ನು ಮದುವೆಮನೆಯ ಗದ್ದಲದಲ್ಲಿ ಹೊತ್ತು ಸಾಗುವಾಗ ಎರಡೂ ಸ್ನಾಯು ಒಟ್ಟಿಗೆ ಬಿಗಿದು ಕೀಲನ್ನು ಅಲುಗದಂತೆ ಹಿಡಿಯುತ್ತವೆ. ಕೈಯನ್ನು ಝಟ್ಟನೆ ಮಡಚಿದರೆ ಕೊನೆಯಲ್ಲಿ ಟ್ರೈಸೆಪ್ಸ್ ಬ್ರೇಕ್ ಹಾಕುತ್ತದೆ.

ಚಟುವಟಿಕೆ ಕೈಕೊಡುವುದೂ ಇಂಥ ಕಡೆಗಳಲ್ಲೇ. “ಎರಡೂ ಗಟ್ಟಿ ಇವೆ” ಎಂದು ಯಾರಾದರೂ ಹೇಳಿದರೆ ಮೊದಲು ಅವರ ಮುಷ್ಟಿ ನೋಡಿ. ಬಾಟಲಿಯನ್ನು ಹಿಸುಕಿ ಹಿಡಿದಿರುತ್ತಾರೆ, ಇಲ್ಲವೇ ವೇಗವಾಗಿ ಆಡಿಸುತ್ತಿರುತ್ತಾರೆ. ಒಂದು ಎತ್ತಿಗೆ ಐದು ಎಣಿಕೆ, ಒಂದು ಇಳಿತಕ್ಕೆ ಐದು ಎಣಿಕೆ ಎಂದು ಇಡೀ ತರಗತಿಗೆ ಒಟ್ಟಿಗೆ ಎಣಿಸಿದರೆ ಇದು ಸರಿಹೋಗುತ್ತದೆ. “ಇಳಿಸಿದಾಗ ಮುಂದಿನದೂ ಮೆತ್ತಗಾಯಿತು” ಎನ್ನುವವರು ಕೈಯನ್ನು ಪೂರ್ತಿ ಜೋತುಬಿಟ್ಟಿರುತ್ತಾರೆ. ಆಗ ಹೊರೆ ಕೀಲಿನ ಮೇಲೆ ನೇರವಾಗಿ ತೂಗುತ್ತದೆ, ಬೈಸೆಪ್ಸ್‌ಗೆ ಕೆಲಸವಿಲ್ಲ. ತುಂಬಿದ ಬಕೆಟನ್ನು ನಾವು ಕೈ ಜೋತುಬಿಟ್ಟು ಒಯ್ಯುವುದು ಇದಕ್ಕೇ. ಇಳಿತವನ್ನು ಮಧ್ಯದಲ್ಲಿ ನಿಲ್ಲಿಸಿ ಮುಟ್ಟಿ ನೋಡಲು ಹೇಳಿ. “ಏನೂ ಗೊತ್ತಾಗುತ್ತಿಲ್ಲ” ಎನ್ನುವವರ ಅಂಗೈ ಕೆಳಮುಖವಾಗಿದೆಯೇ ನೋಡಿ. ಅಂಗೈ ಕೆಳಮುಖವಾದರೆ ಬೈಸೆಪ್ಸ್ ಹಿಂದೆ ಸರಿದು, ಅದರಡಿಯ ಬ್ರಾಕಿಯಾಲಿಸ್ ಎಂಬ ಇನ್ನೊಂದು ಸ್ನಾಯು ಹೆಚ್ಚಿನ ಭಾರ ಹೊರುತ್ತದೆ. ಮೊಣಕೈ ಮಡಚುವುದರಲ್ಲಿ ಅದರ ಪಾಲು ದೊಡ್ಡದು, ಹೆಸರು ಮಾತ್ರ ಬೈಸೆಪ್ಸ್‌ಗೆ ಬಂದಿದೆ. ಇನ್ನು, ಪ್ರತಿಯೊಬ್ಬರೂ ಮುಟ್ಟುವುದು ತಮ್ಮ ತೋಳನ್ನೇ, ಬೇರೆಯವರದ್ದನ್ನಲ್ಲ ಎಂಬುದನ್ನು ಮೊದಲೇ ಹೇಳಿಬಿಟ್ಟರೆ ಹೆಣ್ಣುಮಕ್ಕಳ ಮುಜುಗರ ತಪ್ಪುತ್ತದೆ.

“ಇಷ್ಟೆಲ್ಲ ಹೇಳಿದರೆ ಪರೀಕ್ಷೆಯಲ್ಲಿ ಏನು ಬರೆಯುತ್ತಾರೆ?” ಎಂದು ಮಾರ್ಗದರ್ಶಕ ಗುರುಗಳೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಕೀ ಉತ್ತರದಲ್ಲಿ ಇರುವುದು ಆ ಹಳೆಯ ವಾಕ್ಯ, ಅದನ್ನು ಬರೆದವರಿಗೆ ಅಂಕ. ನಾನು ಆ ವಾಕ್ಯವನ್ನು ಅಳಿಸಿಲ್ಲ, ಅದಕ್ಕೆ ಮೊದಲು “ಸ್ನಾಯುವಿನ ಬಲದಿಂದಲೇ” ಎಂಬ ಎರಡು ಪದ ಸೇರಿಸಿ ಬರೆಸಿದೆ. ಸ್ನಾಯುವಿನ ಬಲದಿಂದಲೇ ತೋಳು ಮಡಚುವಾಗ ಬೈಸೆಪ್ಸ್, ಸ್ನಾಯುವಿನ ಬಲದಿಂದಲೇ ಚಾಚುವಾಗ ಟ್ರೈಸೆಪ್ಸ್. ಈಗ ವಾಕ್ಯ ನಿಜವೂ ಹೌದು, ಅಂಕಕ್ಕೂ ಧಕ್ಕೆಯಿಲ್ಲ. ಹೊರೆಯ ತೂಕದಿಂದ ಚಾಚಿಕೊಂಡರೆ ಏನು ಎಂಬ ಪ್ರಶ್ನೆಗೂ ಬಾಗಿಲು ತೆರೆದಿರುತ್ತದೆ.

ನಮ್ಮ ಪಾಠ ವೀಕ್ಷಣೆಯ ಅಂಕಪಟ್ಟಿಯ ಬಗ್ಗೆಯೂ ಒಂದು ವಿನಂತಿ. ಬೋಧನೋಪಕರಣಕ್ಕೆ ಇರುವ ಅಂಕಗಳು ಹೆಚ್ಚಾಗಿ ಅಂದ, ಗಾತ್ರ ಮತ್ತು ಹಿಂದಿನ ಬೆಂಚಿಗೆ ಕಾಣುತ್ತದೆಯೇ ಎಂಬುದಕ್ಕೆ ಸಲ್ಲುತ್ತವೆ. ಥರ್ಮೋಕೋಲಿನ ಮೇಲೆ ಬಣ್ಣ ಬಳಿದ ರಬ್ಬರ್ ಮಾದರಿಗೆ ಪೂರ್ತಿ ಅಂಕ ಸಿಗುತ್ತದೆ, ಎರಡು ಸ್ಕೇಲು ಮತ್ತು ದಾರ ಬಡಕಲಾಗಿ ಕಾಣುತ್ತವೆ. “ಮಾದರಿ ತೋರಿಸುವುದೂ ಪಾಠ ಹೇಳುವುದೂ ಒಂದೇ ಆಗಿದೆಯೇ” ಎಂಬ ಒಂದು ಸಾಲು ಆ ಪಟ್ಟಿಗೆ ಸೇರಿದರೆ, ರಬ್ಬರ್ ಬ್ಯಾಂಡನ್ನು ಒಮ್ಮೆ ಮಡಚಿ ನೋಡಿದವರೇ ಅದನ್ನು ಬಿಡುತ್ತಾರೆ.

ಮೌಲ್ಯಮಾಪನಕ್ಕೆ ನಾನು ಕೊಟ್ಟ ಪ್ರಶ್ನೆ ಒಂದೇ ಇತ್ತು. “ಮಲಗಿರುವ ಮಗುವನ್ನು ಅಮ್ಮ ಎರಡು ಕೈಯಲ್ಲಿ ಎದೆಯ ಮುಂದೆ ಹಿಡಿದುಕೊಂಡು ಬಂದು, ಎಚ್ಚರವಾಗದಂತೆ ಹಾಸಿಗೆಗೆ ಇಳಿಸುತ್ತಾಳೆ. ಅವಳ ಮೊಣಕೈ ಏನಾಗುತ್ತಿದೆ? ಯಾವ ಸ್ನಾಯು ಬಿಗಿ? ಅದು ಗಿಡ್ಡವಾಗುತ್ತಿದೆಯೋ ಉದ್ದವಾಗುತ್ತಿದೆಯೋ?” ಕೆಲವರು ಟ್ರೈಸೆಪ್ಸ್ ಎಂದು ಬರೆದರು. ಅವರಿಗೆ ತಪ್ಪು ಗುರುತು ಹಾಕುವ ಬದಲು ಬ್ಯಾಗನ್ನು ಕೈಯಲ್ಲಿ ಎತ್ತಿ ಬೆಂಚಿನ ಮೇಲೆ ನಿಧಾನವಾಗಿ ಇಳಿಸಿ, ಇನ್ನೊಂದು ಕೈಯಿಂದ ತೋಳು ಮುಟ್ಟಿ ನೋಡಿ ಮತ್ತೆ ಬರೆಯಲು ಹೇಳಿದೆ.